ತಾರಸಿಗೆ ಬಿದ್ದ ಬಿಸಿಲಿನ ಲೆಕ್ಕ

ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ದಿನದಲ್ಲಿ ಬೀಳುವ ಬಿಸಿಲಿನ ಶಕ್ತಿಯನ್ನು ಕಿಲೋವ್ಯಾಟ್-ಗಂಟೆಯಲ್ಲಿ ಹೇಳುವುದು ರೂಢಿ. ಕಿಲೋವ್ಯಾಟ್-ಗಂಟೆ ಎಂದರೆ ಕರೆಂಟ್ ಬಿಲ್ಲಿನಲ್ಲಿ ಕಾಣುವ ಅದೇ ಯೂನಿಟ್. ಸಾವಿರ ವ್ಯಾಟ್‌ನ ಹೀಟರ್ ಒಂದು ಗಂಟೆ ಉರಿದರೆ ಖರ್ಚಾಗುವಷ್ಟು ಶಕ್ತಿ. ಬಿಸಿಲನ್ನು ಹೀಗೆ ಅಳೆಯುವುದು ಮಳೆಯನ್ನು ಮಿಲಿಮೀಟರಿನಲ್ಲಿ ಅಳೆದಂತೆಯೇ. ಬೆಳಗಿನಿಂದ ಜಿನುಗಿತೋ ಅರ್ಧ ಗಂಟೆಯಲ್ಲಿ ಸುರಿದು ಹೋಯಿತೋ ಎಂಬುದನ್ನು ಮಳೆಮಾಪಕ ಕೇಳುವುದಿಲ್ಲ. ದಿನದ ಕೊನೆಗೆ ಎಷ್ಟು ನಿಂತಿದೆ ಎಂಬುದಷ್ಟೇ ಅದಕ್ಕೆ ಮುಖ್ಯ. ಬಿಸಿಲಿನ ವಿಷಯದಲ್ಲಿ ಈ ಕೆಲಸವನ್ನು ಗಾಜಿನ ಗುಮ್ಮಟವಿರುವ ಪೈರನೋಮೀಟರ್ ಎಂಬ ಉಪಕರಣ ಮಾಡುತ್ತದೆ. ನೇರ ಬಿಸಿಲಿನ ಜೊತೆಗೆ ಮೋಡದಿಂದ, ಆಕಾಶದಿಂದ ಚದುರಿ ಬರುವ ಬೆಳಕನ್ನೂ ಅದು ಸೇರಿಸಿಕೊಳ್ಳುತ್ತದೆ.

ವಾತಾವರಣದ ಆಚೆ, ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬೆಳಕು ಬೀಳುತ್ತದೆ. ಗಾಳಿ, ತೇವಾಂಶ, ದೂಳು ತಮ್ಮ ಪಾಲು ತೆಗೆದುಕೊಂಡು, ಮೋಡವಿಲ್ಲದ ನಡುಹಗಲಿನಲ್ಲಿ ನೆಲಕ್ಕೆ ಮುಟ್ಟುವುದು ಹೆಚ್ಚುಕಡಿಮೆ 1000 ವ್ಯಾಟ್. ಹಗಲು ಹನ್ನೆರಡು ಗಂಟೆ ಇದ್ದ ಮಾತ್ರಕ್ಕೆ ಹನ್ನೆರಡು ಯೂನಿಟ್ ಸಿಗುವುದಿಲ್ಲ. ಬೆಳಗ್ಗೆ ಏಳಕ್ಕೆ ಬಿಸಿಲು ಓರೆಯಾಗಿ ಬಿದ್ದು ಅಗಲವಾಗಿ ಹರಡಿಕೊಳ್ಳುತ್ತದೆ, ಸಂಜೆಯೂ ಹಾಗೆಯೇ. ಇಡೀ ದಿನದ ಏರಿಳಿತ ಕೂಡಿಸಿದರೆ ಬೆಂಗಳೂರಿನಲ್ಲಿ ವರ್ಷದ ಸರಾಸರಿ ದಿನಕ್ಕೆ ಸುಮಾರು 5.5 ಯೂನಿಟ್ ಬರುತ್ತದೆ. ನಡುಹಗಲಿನ ಬಿಸಿಲೇ ಐದೂವರೆ ಗಂಟೆ ಕದಲದೆ ನಿಂತು ಆಮೇಲೆ ಒಮ್ಮೆಲೇ ಕತ್ತಲಾದರೆ ಎಷ್ಟೋ ಅಷ್ಟು.

ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಒಂದು ಮನೆಯನ್ನು ತೆಗೆದುಕೊಳ್ಳಬಹುದು. ಸುತ್ತ ಬಿಟ್ಟ ಜಾಗ ಕಳೆದು ತಾರಸಿ 80 ಚದರ ಮೀಟರ್ ಇದೆ ಎಂದುಕೊಂಡರೆ, ಅದರ ಮೇಲೆ ದಿನಕ್ಕೆ ಸರಾಸರಿ 440 ಯೂನಿಟ್ ಬಿಸಿಲು ಬೀಳುತ್ತದೆ. ತಿಂಗಳಿಗೆ 200 ಯೂನಿಟ್ ಬಳಸುವ ಕುಟುಂಬಕ್ಕೆ ಇದು ಎರಡು ತಿಂಗಳಿಗೂ ಮಿಕ್ಕುವಷ್ಟು ಶಕ್ತಿ. ಅದರಲ್ಲಿ ಬಹುಪಾಲು ಸಿಮೆಂಟನ್ನು ಕಾಯಿಸಿ ರಾತ್ರಿ ಮಲಗುವ ಕೋಣೆಗೆ ಸೆಕೆಯಾಗಿ ಇಳಿಯುತ್ತದೆ ಎಂಬುದು ಬೇರೆ ಮಾತು.

ಈ ತಾರಸಿಯ ಮೇಲೆ 540 ವ್ಯಾಟ್‌ನ ಆರು ಪ್ಯಾನೆಲ್ ಕೂರಿಸಲಾಗಿದೆ ಎಂದು ಇಟ್ಟುಕೊಳ್ಳೋಣ. ಒಂದೊಂದೂ ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ. ಆರೂ ಸೇರಿ ಸುಮಾರು 15.5 ಚದರ ಮೀಟರ್. ಒಟ್ಟು ಸಾಮರ್ಥ್ಯ 3.24 ಕಿಲೋವ್ಯಾಟ್. ಅವುಗಳ ಮೇಲೆ ದಿನಕ್ಕೆ ಬೀಳುವ ಬಿಸಿಲು 85 ಯೂನಿಟ್. ಈ ಅಳತೆಯ ಪ್ಯಾನೆಲಿನ ದಕ್ಷತೆ ಶೇ. 21ರ ಹತ್ತಿರ ಇರುವುದರಿಂದ, ಕಾಗದದ ಮೇಲಿನ ಲೆಕ್ಕದಲ್ಲಿ 18 ಯೂನಿಟ್ ವಿದ್ಯುತ್ ಸಿಗಬೇಕು.

ಉಳಿದ 67 ಯೂನಿಟ್ ಪ್ಯಾನೆಲಿನ ದೋಷದಿಂದ ಹೋದದ್ದಲ್ಲ. ಸಿಲಿಕಾನ್ ಎಂಬ ವಸ್ತುವಿನ ಸ್ವಭಾವದಲ್ಲೇ ಅದಕ್ಕೆ ಮುಖ್ಯ ಕಾರಣವಿದೆ. ಒಂದು ಎಲೆಕ್ಟ್ರಾನನ್ನು ಬಿಡಿಸಲು ಬೆಳಕಿನ ಕಣಕ್ಕೆ ಇಂತಿಷ್ಟು ಶಕ್ತಿ ಬೇಕು. ಅದಕ್ಕಿಂತ ದುರ್ಬಲವಾದ ಅವಕೆಂಪು ಕಿರಣಗಳಿಂದ ವಿದ್ಯುತ್ ಹುಟ್ಟುವುದೇ ಇಲ್ಲ. ನೀಲಿ ಬೆಳಕಿನ ಕಣದಲ್ಲಿ ಬೇಕಾದುದಕ್ಕಿಂತ ಹೆಚ್ಚೇ ಶಕ್ತಿ ಇದೆ. ಆದರೆ ಅದು ಬಿಡಿಸುವುದೂ ಒಂದೇ ಎಲೆಕ್ಟ್ರಾನನ್ನು, ಮಿಕ್ಕ ಶಕ್ತಿ ಶಾಖವಾಗುತ್ತದೆ. ಹತ್ತು ರೂಪಾಯಿಯ ಟಿಕೆಟ್‌ಗೆ ಐದು ರೂಪಾಯಿ ಕೊಟ್ಟವನಿಗೆ ಟಿಕೆಟ್ ಇಲ್ಲ, ಇಪ್ಪತ್ತು ಕೊಟ್ಟವನಿಗೆ ಚಿಲ್ಲರೆ ಇಲ್ಲ ಎನ್ನುವಂಥ ವ್ಯವಹಾರ ಇದು. ಈ ಕಾರಣಕ್ಕೆ ಒಂದೇ ಪದರದ ಸಿಲಿಕಾನ್ ಕೋಶ ಎಷ್ಟೇ ಸುಧಾರಿಸಿದರೂ ಶೇ. 29ರ ಆಸುಪಾಸಿನ ಮಿತಿಯನ್ನು ದಾಟಲಾರದು.

ಇನ್ನು ಆ 18 ಯೂನಿಟ್ ಕೂಡ ಪೂರ್ತಿ ಕೈಗೆ ಬರುವುದಿಲ್ಲ. ಪ್ಯಾನೆಲಿನ ಹಿಂಬದಿಯ ಚೀಟಿಯಲ್ಲಿ ಬರೆದ 540 ವ್ಯಾಟ್ ಪ್ರಯೋಗಾಲಯದ ಅಂಕಿ. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುವಾಗಲೂ ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಂಡು ಅಳೆದದ್ದು. ಬೇಸಿಗೆಯ ತಾರಸಿಯಲ್ಲಿ ಅದು ಸಾಧ್ಯವಿಲ್ಲದ ಮಾತು. ನೆರಳಿನಲ್ಲಿ 30 ಡಿಗ್ರಿ ಇರುವ ನಡುಹಗಲಿನಲ್ಲಿ ಕಪ್ಪು ಪ್ಯಾನೆಲ್ ಸುಮಾರು 60 ಡಿಗ್ರಿಗೆ ಕಾದಿರುತ್ತದೆ. ಪ್ರತಿ ಡಿಗ್ರಿ ಏರಿಕೆಗೆ ಉತ್ಪಾದನೆ ಸುಮಾರು ಶೇ. 0.35 ಇಳಿಯುತ್ತದೆ, 35 ಡಿಗ್ರಿಗೆ ಶೇ. 12. ಪ್ಯಾನೆಲಿಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಸೋಲಾರ್ ಎಂದರೆ ಬಿಸಿನೀರಿನ ನೆನಪು ಮೊದಲು ಬರುವುದರಿಂದಲೋ ಏನೋ, ಹೆಚ್ಚು ಸೆಕೆ ಇದ್ದರೆ ಹೆಚ್ಚು ಕರೆಂಟ್ ಎಂದು ನಂಬಿದವರು ಬಹಳ. ಪ್ಯಾನೆಲನ್ನು ತಾರಸಿಗೆ ಅಂಟಿಸದೆ ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ನಿಲ್ಲಿಸಲು ಇದೂ ಒಂದು ಕಾರಣ.

ಶಾಖದ ನಷ್ಟದ ಮೇಲೆ ದೂಳು, ವೈರು, ಇನ್ವರ್ಟರ್ ಮತ್ತು ಪ್ಯಾನೆಲಿನ ವಯಸ್ಸು ತಲಾ ಸ್ವಲ್ಪ ಸ್ವಲ್ಪ ಕಡಿಯುತ್ತವೆ. ಎಲ್ಲ ಸೇರಿ, ಚೆನ್ನಾಗಿ ಕೂರಿಸಿದ ವ್ಯವಸ್ಥೆಯಲ್ಲಿ ಕಾಗದದ ಲೆಕ್ಕದ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. 18ರಲ್ಲಿ ಹದಿಮೂರೂವರೆಯಿಂದ ಹದಿನಾಲ್ಕು ಯೂನಿಟ್. ಬಿದ್ದ 85 ಯೂನಿಟ್ ಬಿಸಿಲಿಗೆ ಹೋಲಿಸಿದರೆ ಇದು ಸುಮಾರು ಶೇ. 16. ಒಂದು ಕಿಲೋವ್ಯಾಟ್ ಪ್ಯಾನೆಲಿಗೆ ದಿನಕ್ಕೆ ನಾಲ್ಕು ಯೂನಿಟ್ ಎಂದು ಈ ಕೆಲಸದವರು ಬಾಯಿಲೆಕ್ಕದಲ್ಲಿ ಹೇಳುವುದು ಹೀಗೆ ಬಂದದ್ದು. ಐದು, ಆರು ಎಂದು ಆಸೆ ಹುಟ್ಟಿಸುವ ಮಾರಾಟಗಾರನ ಮಾತನ್ನು ವರ್ಷದ ಸರಾಸರಿಯಾಗಿ ಒಪ್ಪುವಂತಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ನೆರಳು. ಪ್ಯಾನೆಲಿನೊಳಗೆ ಕೋಶಗಳು ಸರಪಳಿಯಂತೆ ಒಂದರ ಹಿಂದೆ ಒಂದು ಜೋಡಣೆಯಾಗಿವೆ. ಒಂದೇ ಕೋಶ ನೆರಳಿಗೆ ಸಿಕ್ಕರೂ ಆ ಸಾಲಿನ ಹರಿವೇ ಕುಗ್ಗುತ್ತದೆ. ಅದಕ್ಕೆ ಪರಿಹಾರವೆಂದು ಸಾಮಾನ್ಯವಾಗಿ ಪ್ಯಾನೆಲೊಂದಕ್ಕೆ ಮೂರು ಡಯೋಡ್ ಹಾಕಿರುತ್ತಾರೆ. ನೆರಳಾದ ಭಾಗವನ್ನು ಬಿಟ್ಟು ಕರೆಂಟ್ ಪಕ್ಕದ ದಾರಿ ಹಿಡಿಯುತ್ತದೆ. ಆದರೂ ನೀರಿನ ಟ್ಯಾಂಕಿನ ಕೈಯಗಲದ ನೆರಳಿಗೆ ಪ್ಯಾನೆಲಿನ ಮೂರನೇ ಒಂದು ಭಾಗ ಹೋಗಬಹುದು. ಡಿಸೆಂಬರಿನಲ್ಲಿ ಬೆಂಗಳೂರಿನ ನಡುಹಗಲ ಸೂರ್ಯ ದಕ್ಷಿಣದಲ್ಲಿ 54 ಡಿಗ್ರಿಯಷ್ಟೇ ಏರುತ್ತಾನೆ, ನೆರಳು ಉದ್ದವಾಗುತ್ತದೆ. ಏಪ್ರಿಲಿನಲ್ಲಿ ಸೂರ್ಯ ನೆತ್ತಿಗೆ ಬಂದಾಗ ಜಾಗ ನೋಡಿ ಪ್ಯಾನೆಲ್ ಕೂರಿಸಿದವರಿಗೆ ಟ್ಯಾಂಕಿನ ತೊಂದರೆ ಗೊತ್ತಾಗುವುದು ಚಳಿಗಾಲದಲ್ಲಿ.

ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಇನ್ವರ್ಟರ್ ತೋರಿಸುವ ಯೂನಿಟ್ ಒಂದೇ ಸಾಲದು. ಆ ದಿನಗಳಲ್ಲಿ ಬಿದ್ದ ಬಿಸಿಲಿನ ಜೊತೆ ಅದನ್ನು ಇಟ್ಟು ನೋಡಬೇಕು. ನಾಸಾದ ‘ಪವರ್’ ಎಂಬ ಉಚಿತ ಮಾಹಿತಿಕೋಶ ಉಪಗ್ರಹಗಳ ನೆರವಿನಿಂದ ಯಾವುದೇ ಊರಿಗೆ ಚದರ ಮೀಟರಿನ ದಿನದ ಅಂಕಿ ಕೊಡುತ್ತದೆ. ಮಾರ್ಚ್-ಏಪ್ರಿಲಿನಲ್ಲಿ ಬೆಂಗಳೂರಿಗೆ ದಿನಕ್ಕೆ ಸುಮಾರು 6.5 ಯೂನಿಟ್ ಬಿಸಿಲು ಬೀಳುತ್ತದೆ. ಜುಲೈನ ಮೋಡದಲ್ಲಿ ಅದು ಐದಕ್ಕಿಂತ ಕೆಳಗಿಳಿಯುತ್ತದೆ. ಮೇಲಿನ ಆರು ಪ್ಯಾನೆಲುಗಳು ಜುಲೈನಲ್ಲಿ ದಿನಕ್ಕೆ 11 ಯೂನಿಟ್ ಕೊಟ್ಟರೆ ಅವು ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿವೆ. ಮಾರ್ಚಿನಲ್ಲಿ 16ರ ಆಸುಪಾಸು ಬರಬೇಕಾದಲ್ಲಿ ಅದೇ 11 ಬಂದರೆ, ತಾರಸಿ ಹತ್ತಿ ದೂಳು, ನೆರಳು, ಸಡಿಲವಾದ ವೈರು ಹುಡುಕಬೇಕು.