ಪುಟ್ಟಪ್ಪ ಎಂಬುದು ಅಡ್ಡಹೆಸರೇ?

ಜ್ಞಾನಪೀಠ ಪಡೆದ ಎಂಟು ಕನ್ನಡ ಸಾಹಿತಿಗಳ ಹೆಸರನ್ನು ಎಕ್ಸೆಲ್ ಹಾಳೆಯ ಮೊದಲ ಕಾಲಮ್ಮಿನಲ್ಲಿ ಬರೆದಿದ್ದೀರಿ ಎಂದುಕೊಳ್ಳಿ. ಗಿರೀಶ ಕಾರ್ನಾಡ, ಚಂದ್ರಶೇಖರ ಕಂಬಾರ ಎಂಬಲ್ಲಿ ಎರಡೇ ಪದ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂಬಲ್ಲಿ ಮೂರು. ಕೆ.ವಿ.ಪುಟ್ಟಪ್ಪ ಎಂದು ಬರೆದರೆ ನಡುವೆ ಜಾಗವೇ ಇಲ್ಲ. ಕಂಪ್ಯೂಟರಿನ ಕಣ್ಣಿಗೆ ಅದು ಒಂದೇ ಪದ. ಈ ಪಟ್ಟಿಯಿಂದ ಹೆಸರು, ಅಡ್ಡಹೆಸರುಗಳನ್ನು ಬೇರೆ ಮಾಡಬೇಕು.

ಹೆಚ್ಚಿನವರು ಮೊದಲು ಹಿಡಿಯುವುದು ‘ಟೆಕ್ಸ್ಟ್ ಟು ಕಾಲಮ್ಸ್’ ಗುಂಡಿಯನ್ನು. ಅದು ಜಾಗ ಸಿಕ್ಕಲ್ಲೆಲ್ಲ ಕತ್ತರಿಸುತ್ತದೆ. ಕಾರ್ನಾಡ ಎರಡನೇ ಕಾಲಮ್ಮಿಗೆ ಹೋದರೆ ಅಯ್ಯಂಗಾರ್ ಮೂರನೆಯದಕ್ಕೆ ಹೋಗುತ್ತದೆ. ಆದ್ದರಿಂದ ಎಡದಿಂದ ಎಣಿಸುವುದನ್ನು ಬಿಟ್ಟು ಬಲದಿಂದ ಹಿಡಿಯುವುದೇ ಸರಿ: ಕೊನೆಯ ಪದ ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ.

ಅದಕ್ಕೂ ಮೊದಲು ಹೆಸರನ್ನು ಹಸನು ಮಾಡಿಕೊಳ್ಳಬೇಕು. ಮೂಲ ಹೆಸರು A2 ಕೋಶದಲ್ಲಿದ್ದರೆ, B2ರಲ್ಲಿ ಹೀಗೆ ಬರೆಯಿರಿ:

```
=TRIM(SUBSTITUTE(SUBSTITUTE(A2,UNICHAR(160)," "),".",". "))
```

ವೆಬ್ ಪುಟದಿಂದ ನಕಲು ಮಾಡಿದ ಹೆಸರುಗಳಲ್ಲಿ 160ನೇ ಸಂಖ್ಯೆಯ ಒಂದು ಜಾಗ ಸೇರಿಕೊಂಡಿರುತ್ತದೆ. ನೋಡಲು ಮಾಮೂಲಿ ಜಾಗದಂತೆಯೇ ಇದ್ದರೂ TRIM ಅದನ್ನು ಮುಟ್ಟುವುದಿಲ್ಲ. ಸೂತ್ರ ಅದನ್ನು ಮಾಮೂಲಿ ಜಾಗವಾಗಿಸಿ, ಪ್ರತಿ ಚುಕ್ಕೆಯ ಮುಂದೆ ಒಂದು ಜಾಗ ಇಟ್ಟು, ಹೆಚ್ಚಾದದ್ದನ್ನು ತೆಗೆದುಹಾಕುತ್ತದೆ. ಕೆ.ವಿ.ಪುಟ್ಟಪ್ಪ ಈಗ ಕೆ. ವಿ. ಪುಟ್ಟಪ್ಪ.

ಇನ್ನು C2ರಲ್ಲಿ ಕೊನೆಯ ಪದ, D2ರಲ್ಲಿ ಉಳಿದದ್ದು:

```
=TRIM(RIGHT(SUBSTITUTE(B2," ",REPT(" ",100)),100))
=TRIM(LEFT(B2,LEN(B2)-LEN(C2)))
```

ಮೊದಲನೆಯದರ ಉಪಾಯ ಸೊಗಸಾಗಿದೆ. ಒಂದೊಂದು ಜಾಗವನ್ನೂ ನೂರು ಜಾಗಗಳಷ್ಟು ಹಿಗ್ಗಿಸಿದರೆ ಪದಗಳು ದೂರದೂರ ಸರಿಯುತ್ತವೆ. ಆಗ ಬಲಗಡೆಯಿಂದ ನೂರು ಅಕ್ಷರ ತೆಗೆದರೆ ಸಿಗುವುದು ಕೊನೆಯ ಪದ ಮತ್ತು ಖಾಲಿ ಜಾಗ ಮಾತ್ರ; ಖಾಲಿಯನ್ನು TRIM ಒರೆಸುತ್ತದೆ. ನಡುವೆ ಎಷ್ಟು ಪದಗಳಿದ್ದರೂ ಫಲ ಒಂದೇ. ಒಂಟಿ ಹೆಸರಿದ್ದರೂ ದೋಷದ ಸಂದೇಶ ಬರುವುದಿಲ್ಲ. D2 ಖಾಲಿ ಉಳಿಯುತ್ತದೆ, ಅಷ್ಟೆ.

ಕತ್ತರಿಸುವ ಕೆಲಸ ಇಲ್ಲಿಗೆ ಮುಗಿಯಿತು. ಆದರೆ C ಕಾಲಮ್ಮಿನಲ್ಲಿ ಬಂದು ಕೂತ ಪದಗಳನ್ನು ಒಮ್ಮೆ ಓದಿ: ಪುಟ್ಟಪ್ಪ, ಬೇಂದ್ರೆ, ಗೋಕಾಕ, ಅನಂತಮೂರ್ತಿ. ನಾಲ್ಕೂ ಎರಡೆರಡು ಇನಿಶಿಯಲ್‌ಗಳ ನಂತರ ಬಂದವು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ ಎಂಬಲ್ಲಿ ಕೊನೆಯದು ಅಡ್ಡಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಕೊನೆಯದೇ ತೊಟ್ಟಿಲಲ್ಲಿ ಇಟ್ಟ ಹೆಸರು. ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ ಎಂಬುದೂ ಹಾಗೆಯೇ. ಮಾಸ್ತಿಯವರ ಸಾಲಿನ ಮೊದಲ ಪದವನ್ನು ಹೆಸರೆಂದು ತೆಗೆದರೆ ಊರಿಗೆ ‘ಪ್ರಿಯ ಮಾಸ್ತಿ’ ಎಂದು ಕಾಗದ ಬರೆದಂತಾಗುತ್ತದೆ. ಹೊರನೋಟಕ್ಕೆ ಒಂದೇ ಬಗೆಯ ಹೆಸರುಗಳಿಗೆ ಎರಡು ಅರ್ಥ ಇರುವಾಗ ಯಾವ ಸೂತ್ರವೂ ಅದನ್ನು ತೀರ್ಮಾನಿಸಲಾರದು. ಅದು ಮಾಡಬಲ್ಲದ್ದು ಅನುಮಾನದ ಸಾಲುಗಳನ್ನು ಎತ್ತಿ ತೋರಿಸುವುದು. E2ರಲ್ಲಿ:

```
=IF(OR(ISNUMBER(FIND(".",B2)),
LEN(B2)-LEN(SUBSTITUTE(B2," ",""))<>1),"ನೋಡಿ","")
```

ಹೆಸರಿನಲ್ಲಿ ಚುಕ್ಕೆಯಿದ್ದರೆ ಅಥವಾ ಪದಗಳು ಸರಿಯಾಗಿ ಎರಡೇ ಇರದಿದ್ದರೆ ‘ನೋಡಿ’ ಎಂದು ಬರುತ್ತದೆ. ನಮ್ಮ ಎಂಟರಲ್ಲಿ ಆರು ಸಾಲುಗಳಿಗೆ ಈ ಗುರುತು ಬೀಳುತ್ತದೆ. ಕಾರ್ನಾಡ, ಕಂಬಾರ ಇಬ್ಬರು ಮಾತ್ರ ಪಾರು. ಫಿಲ್ಟರ್ ಹಾಕಿ ಆ ಆರನ್ನಷ್ಟೇ ಕಣ್ಣಾರೆ ನೋಡಿ ತಿದ್ದಿದರಾಯಿತು.

ಒಂದು ಕಂಡಿ ಮಾತ್ರ ಉಳಿಯುತ್ತದೆ. ಹಾಜರಿ ಪಟ್ಟಿಗಳಲ್ಲಿ ಇನಿಶಿಯಲ್ಲನ್ನು ಕೊನೆಗೆ, ಚುಕ್ಕೆಯಿಲ್ಲದೆ ಬರೆಯುವ ರೂಢಿಯಿದೆ: ‘ಮಂಜುನಾಥ ಎಸ್’. ಪದ ಎರಡೇ ಆದ್ದರಿಂದ ಸೂತ್ರ ಇದನ್ನು ಹಿಡಿಯದು. ‘ಎಸ್’ ಅಡ್ಡಹೆಸರಾಗಿ ಕೂರುತ್ತದೆ. ಇಂಗ್ಲಿಷ್ ಲಿಪಿಯಲ್ಲಾದರೆ ಒಂದೇ ಅಕ್ಷರದ ಪದವನ್ನು ಇನಿಶಿಯಲ್ ಎನ್ನಬಹುದು. ಕನ್ನಡ ಲಿಪಿಯಲ್ಲಿ ಆ ಅಳತೆ ನಡೆಯದು. ಒತ್ತು, ಗುಣಿತಗಳನ್ನು LEN ಬೇರೆ ಬೇರೆಯಾಗಿಯೇ ಎಣಿಸುತ್ತದೆ. ‘ಎಸ್’ ಎಂದರೆ ಎ, ಸ, ವಿರಾಮ ಸೇರಿ ಮೂರು. ‘ರವಿ’ ಎಂದರೂ ರ, ವ, ಗುಡಿಸು ಸೇರಿ ಮೂರೇ. ಇದಕ್ಕೆ ಮದ್ದು ಒಂದು ಸಣ್ಣ ಪಟ್ಟಿ. H ಕಾಲಮ್ಮಿನಲ್ಲಿ ಎ, ಬಿ, ಸಿ, ಡಿಯಿಂದ ಝಡ್‌ವರೆಗೆ 26 ಅಕ್ಷರಗಳನ್ನು ಕನ್ನಡದಲ್ಲಿ ಬರೆದಿಟ್ಟು ಕೇಳಿ:

```
=COUNTIF($H$1:$H$26,C2)>0
```

TRUE ಬಂದ ಸಾಲಿನಲ್ಲಿ ಕೊನೆಯ ಪದ ಇನಿಶಿಯಲ್. ‘ಎಚ್’ ಎಂದೂ ‘ಹೆಚ್’ ಎಂದೂ ಬರೆಯುವವರಿದ್ದಾರೆ. ಎರಡನ್ನೂ ಪಟ್ಟಿಗೆ ಸೇರಿಸಿ, ಸೂತ್ರದ 26ನ್ನು 27 ಮಾಡಿಕೊಳ್ಳಿ. ಏನೇ ತಿದ್ದಿದರೂ A ಕಾಲಮ್ಮನ್ನು ಮಾತ್ರ ಅಳಿಸಬೇಡಿ. ಜನ ತಮ್ಮ ಹೆಸರನ್ನು ತಾವೇ ಬರೆದುಕೊಟ್ಟ ರೀತಿ ಇರುವುದು ಅಲ್ಲಿ ಮಾತ್ರ.