ಹದಿನೇಳು ಅಕ್ಷರದೊಳಗೊಂದು ಮಳೆ

‘ಈ ವಾರದ ಹಾಯ್ಕು ಸವಾಲು: ಮಳೆ. ಮೂರು ಸಾಲು, 5-7-5 ಅಕ್ಷರ.’ ಫೇಸ್‌ಬುಕ್ಕಿನ ಕವಿತಾ ಬಳಗಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಕರೆ ಬಂದ ಕೂಡಲೇ ಎಲ್ಲರೂ ಬೆರಳು ಮಡಿಸಿ ಎಣಿಸತೊಡಗುತ್ತಾರೆ. ಎಣಿಕೆ ತಪ್ಪಬಾರದು, ನಿಜ. ಆದರೆ ಹಾಯ್ಕುವಿನ ಜೀವವಿರುವುದು ಋತುವನ್ನು ಹೇಳುವ ಪದದಲ್ಲಿ.

ಜಪಾನಿನಲ್ಲಿ ಹಲವು ಕವಿಗಳು ಒಟ್ಟಿಗೆ ಕೂತು ಸರಪಳಿಯಂತೆ ಪದ್ಯ ಹೆಣೆಯುತ್ತಿದ್ದರು. ಅದರ ಮೊದಲ ಪದ್ಯ ಆ ದಿನದ ಋತುವನ್ನು ಸೂಚಿಸಲೇಬೇಕಿತ್ತು. 17ನೇ ಶತಮಾನದಲ್ಲಿ ಬಾಶೋ ಈ ಆರಂಭದ ಪದ್ಯಕ್ಕೆ ಗಾಂಭೀರ್ಯ ತಂದ. 1890ರ ದಶಕದಲ್ಲಿ ಮಸಾವೋಕಾ ಶಿಕಿ ಅದನ್ನು ಸರಪಳಿಯಿಂದ ಬಿಡಿಸಿ, ಹಾಯ್ಕು ಎಂಬ ಹೆಸರಿನ ಸ್ವತಂತ್ರ ಕವಿತೆಯಾಗಿ ನಿಲ್ಲಿಸಿದ. ಋತುವಿನ ಪದಕ್ಕೆ ಅಲ್ಲಿ ‘ಕಿಗೋ’ ಎನ್ನುತ್ತಾರೆ. ಯಾವ ಪದ ಯಾವ ಋತುವಿಗೆ ಸೇರಿದ್ದೆಂದು ತಿಳಿಸುವ ಕೋಶಗಳೇ ಇವೆ. ಬರೀ ‘ಚಂದ್ರ’ ಎಂದರೆ ಶರತ್ಕಾಲ, ‘ಕಪ್ಪೆ’ ಎಂದರೆ ವಸಂತ.

ಕನ್ನಡಕ್ಕೆ ಬಂದಾಗ ಇಲ್ಲೇ ತೊಡಕು. ನಮಗೆ ಕಪ್ಪೆ ವಟಗುಟ್ಟಿದರೆ ಮಳೆಗಾಲ. ಚೆರ್ರಿ ಹೂವನ್ನು ತಂದಿಟ್ಟರೆ ಇಲ್ಲಿನ ಓದುಗನಿಗೆ ಯಾವ ತಿಂಗಳೂ ನೆನಪಾಗದು. ಹಾಗೆಂದು ನಮ್ಮಲ್ಲಿ ಋತುಪದಗಳಿಗೆ ಬರವಿಲ್ಲ. ಸೊಗಡಿನ ಅವರೆಕಾಯಿ ಎಂದರೆ ಹಳೆ ಮೈಸೂರಿನವರಿಗೆ ಚಳಿಗಾಲ ಬಂತೆಂದೇ ಅರ್ಥ. ಮಳೆಗಂತೂ ರೋಹಿಣಿ, ಮೃಗಶಿರ, ಆರಿದ್ರ, ಹುಬ್ಬೆ, ಸ್ವಾತಿ ಎಂದು ನಕ್ಷತ್ರದ ಹೆಸರುಗಳಿವೆ. ಒಂದೊಂದರ ಅವಧಿ 13-14 ದಿನ, ಒಂದೊಂದಕ್ಕೂ ಹೊಲದಲ್ಲಿ ಬೇರೆಯೇ ಕೆಲಸ.

ಇನ್ನು ಎಣಿಕೆ. ಕನ್ನಡದ ರೂಢಿ ಅಕ್ಷರ ಎಣಿಸುವುದು. ಒತ್ತಕ್ಷರವಿದ್ದರೂ ಒಂದೇ, ಸೊನ್ನೆಯನ್ನು ಬೇರೆ ಎಣಿಸುವಂತಿಲ್ಲ: ‘ಅಟ್ಟ’ ಎರಡು, ‘ತುಂಬಿತು’ ಮೂರು. ಜಪಾನಿನ ಎಣಿಕೆ ನಮ್ಮ ಮಾತ್ರೆಯ ಲೆಕ್ಕಕ್ಕೆ ಹತ್ತಿರ. ‘ತೋಕ್ಯೋ’ ನಮಗೆ ಎರಡಕ್ಷರ, ಅವರಿಗೆ ನಾಲ್ಕು ಘಟಕ. ಹೀಗಾಗಿ ನಮ್ಮ ಹದಿನೇಳು ಅಕ್ಷರಗಳಲ್ಲಿ ಅವರಿಗಿಂತ ಹೆಚ್ಚು ಮಾತು ಹಿಡಿಸುತ್ತದೆ. ಜಾಗ ಉಳಿಯಿತೆಂದು ವಿವರಣೆ ತುಂಬುವ ಆಸೆ ಹುಟ್ಟುವುದೂ ಅದರಿಂದಲೇ.

ಸವಾಲಿಗೆ ಸಾಮಾನ್ಯವಾಗಿ ಬರುವಂಥ ಒಂದು ಪದ್ಯವನ್ನು ಇಲ್ಲೇ ಕಟ್ಟಿ ನೋಡೋಣ:

ಮಳೆಗಾಲವು
ತಂದಿತು ಮನಸಿಗೆ
ತುಂಬು ಸಂತಸ

ಲೆಕ್ಕ ಸರಿಯಾಗಿದೆ. ಆದರೆ ‘ಮಳೆಗಾಲವು’ ಎಂಬಲ್ಲಿನ ‘ವು’ ಐದನ್ನು ಮುಟ್ಟಿಸಲು ಬಂದದ್ದು. ‘ಸಂತಸ’ ಎಂದು ಕವಿಯೇ ಹೇಳಿ ಮುಗಿಸಿದ ಮೇಲೆ ಓದುಗನಿಗೆ ಕೆಲಸವಿಲ್ಲ. ಮಳೆಗಾಲದ ಬದಲು ‘ಚಳಿಗಾಲವು’ ಎಂದಿಟ್ಟರೂ ಪದ್ಯ ಕದಲುವುದಿಲ್ಲ. ಋತು ಅಲ್ಲಿ ಬರೀ ಅಲಂಕಾರವಾಗಿದೆ ಎಂಬುದಕ್ಕೆ ಇದೇ ಗುರುತು.

ಈಗ ಭಾವವನ್ನು ಬಿಟ್ಟು ಕಣ್ಣಿಗೆ ಕಂಡದ್ದನ್ನಷ್ಟೇ ಹಿಡಿಯೋಣ:

ಆರಿದ್ರ ಮಳೆ—
ಅಟ್ಟದ ಮೇಲೆ ಪಾತ್ರೆ
ತುಂಬಿತು ಮತ್ತೆ

ಇದೂ ಐದು, ಏಳು, ಐದು. ಹಂಚು ಸೋರುತ್ತಿದೆ ಎಂದು ಎಲ್ಲೂ ಹೇಳಿಲ್ಲ. ಅಟ್ಟ ಮತ್ತು ಪಾತ್ರೆ ಅದನ್ನು ಹೇಳುತ್ತವೆ. ಮೊದಲ ಸಾಲಿನ ಕೊನೆಯ ಗೆರೆ ಆಕಾಶವನ್ನೂ ಮನೆಯೊಳಗನ್ನೂ ಬೇರ್ಪಡಿಸಿ ನಿಲ್ಲಿಸುತ್ತದೆ. ಜಪಾನಿಯಲ್ಲಿ ಈ ಕೆಲಸಕ್ಕೆ ‘ಯಾ’, ‘ಕಾನಾ’ ಮುಂತಾದ ತುಂಡರಿಸುವ ಪದಗಳಿವೆ. ನಾವು ಸಾಲನ್ನು ನಾಮಪದದಲ್ಲಿ ನಿಲ್ಲಿಸಿ, ಗೆರೆ ಎಳೆದು ಅದೇ ಬಿಡುವನ್ನು ತರಬಹುದು. ಇಂಥ ಬಿಡುವು ಒಂದೇ ಇರಲಿ. ಪ್ರತಿ ಸಾಲೂ ಕಡಿದು ನಿಂತರೆ ಕವಿತೆ ಹೋಗಿ ಪಟ್ಟಿಯಾಗುತ್ತದೆ.

ಇದಕ್ಕೂ ಅದೇ ಪರೀಕ್ಷೆ ಮಾಡೋಣ. ‘ಆರಿದ್ರ ಮಳೆ’ಯ ಜಾಗದಲ್ಲಿ ‘ಸ್ವಾತಿಯ ಮಳೆ’ ಇಡಿ, ಎಣಿಕೆ ಐದೇ. ಆರಿದ್ರ ಜೂನ್ ಕೊನೆಯ ವಾರದ ಮಳೆ. ಆಗ ‘ಮತ್ತೆ’ ಎಂದರೆ ಹೋದ ವರ್ಷದ ಸೋರಿಕೆ ರಿಪೇರಿಯಾಗದೆ ಉಳಿದಿದೆ, ಇನ್ನೂ ತಿಂಗಳುಗಟ್ಟಲೆ ಪಾತ್ರೆ ಬಗ್ಗಿಸುವುದಿದೆ. ಸ್ವಾತಿ ಅಕ್ಟೋಬರ್ ಕೊನೆಯದು. ಆಗ ‘ಮತ್ತೆ’ ಎಂದರೆ ಮಳೆ ಹೋಯಿತೆಂದು ನಿರಾಳವಾದ ಮನೆಗೆ ಅದು ತಿರುಗಿ ಬಂದಿದೆ. ಒಂದು ಪದ ಬದಲಾದೊಡನೆ ಮನೆಯ ಪರಿಸ್ಥಿತಿಯೇ ಬದಲಾಯಿತು. ಋತುಪದ ದುಡಿಯುವುದೆಂದರೆ ಇದೇ.

ಆದ್ದರಿಂದ ಸವಾಲಿಗೆ ಬರೆಯುವಾಗ ಎಣಿಕೆ ಕೊನೆಗಿರಲಿ. ಮೊದಲು ಕಂಡದ್ದನ್ನು ಬರೆದುಕೊಂಡು, ಅದು ಯಾವ ಹದಿನೈದು ದಿನದ ನೋಟವೆಂದು ನಿರ್ಧರಿಸಿ, ಆ ದಿನಗಳಿಗೆ ನಿಮ್ಮೂರಲ್ಲಿರುವ ಹೆಸರನ್ನು ಇಡಿ. ಒಂದೇ ಪದ್ಯಕ್ಕೆ ಎರಡು ಋತುಪದ ಬೇಡ. ಒಂದು ಇನ್ನೊಂದರ ಬಲ ಕುಗ್ಗಿಸುತ್ತದೆ. ಆಮೇಲೆ ಬೆರಳು ಮಡಿಸಿ. ಒಂದಕ್ಷರ ಕಡಿಮೆ ಬಿದ್ದರೆ ‘ವು’, ‘ನು’ ಅಂಟಿಸುವ ಬದಲು ಸಾಲನ್ನೇ ಬದಲಿಸಿ. ಋತುವೇ ಇಲ್ಲದೆ ಮನುಷ್ಯರ ನಡತೆಯ ಬಗ್ಗೆ 5-7-5 ಬರೆದಿದ್ದರೆ ಅದನ್ನು ಕೈಬಿಡಬೇಕಿಲ್ಲ. ಜಪಾನಿನಲ್ಲಿ ಅದಕ್ಕೆ ‘ಸೆನ್ರ್ಯು’ ಎಂಬ ಬೇರೆ ಪ್ರಕಾರವೇ ಇದೆ. ಆ ಹೆಸರಿನಲ್ಲೇ ಹಂಚಿಕೊಳ್ಳಿ.