ಎರಡು ನಕ್ಷೆ, ಎರಡು ಅಳತೆ: ಸೈಟ್ ಎಂಜಿನಿಯರ್ ಬರೆಯುವ ಪತ್ರ

ಕಟ್ಟಡದ ಹವಾನಿಯಂತ್ರಣಕ್ಕೆ ತಣ್ಣೀರು ಒಯ್ಯುವ ಮುಖ್ಯ ಪೈಪು ಮಹಡಿಯ ನಕ್ಷೆಯಲ್ಲಿ 150 ಮಿಲಿಮೀಟರ್, ಸಂಪರ್ಕ ನಕ್ಷೆಯಲ್ಲಿ 200 ಎಂದಿದೆ ಎನ್ನೋಣ. ಆಗ ಸೈಟ್ ಎಂಜಿನಿಯರ್ ವಿನ್ಯಾಸಕಾರರಿಗೆ ಬರೆಯುವ ವಿವರಣೆ ಕೋರಿಕೆಯ ಪತ್ರವೇ ಆರ್‌ಎಫ್‌ಐ.

‘ಅಳತೆ ತಿಳಿಸಿ’ ಎಂದಷ್ಟೇ ಬರೆದರೆ ಸಾಲದು. ಎರಡೂ ನಕ್ಷೆಗಳ ಸಂಖ್ಯೆ, ಪರಿಷ್ಕರಣೆ, ಪೈಪು ಹಾಯುವ ಕಂಬಗಳ ಸಾಲು, ಉತ್ತರ ಬೇಕಾದ ದಿನ ಇವೆಲ್ಲ ಪತ್ರದಲ್ಲಿರಬೇಕು. ಜೊತೆಗೆ ಲೆಕ್ಕವನ್ನೂ ಕೊಟ್ಟರೆ ಉತ್ತರ ಬೇಗ ಬರುತ್ತದೆ. 300 ಟನ್ ಸಾಮರ್ಥ್ಯಕ್ಕೆ, ನೀರಿನ ತಾಪದ ಅಂತರ 5.5 ಡಿಗ್ರಿ ಇದ್ದರೆ, ಸೆಕೆಂಡಿಗೆ ಸುಮಾರು 45 ಲೀಟರ್ ಹರಿಯಬೇಕು. ಆಗ 150ರ ಪೈಪಿನಲ್ಲಿ ವೇಗ ಸೆಕೆಂಡಿಗೆ 2.4 ಮೀಟರ್, 200ರಲ್ಲಿ 1.4. ಚಿಕ್ಕ ಪೈಪಿನಲ್ಲಿ ಘರ್ಷಣೆ ಸುಮಾರು ನಾಲ್ಕು ಪಟ್ಟು. ಪಂಪು ಅದಕ್ಕೆ ಸಾಲದೆ ಹೋದರೆ ದೂರದ ಮಹಡಿ ತಣಿಯದು.

ಹಾಗೆಂದು ದೊಡ್ಡದನ್ನೇ ತಾನಾಗಿ ಹಾಕುವುದೂ ತಪ್ಪು. 200ರ ಪೈಪಿನ ಹೊರವ್ಯಾಸ 219. ಸುತ್ತ 50 ಮಿಲಿಮೀಟರ್ ಹೊದಿಕೆ ಸೇರಿದರೆ 319. ಚಿಕ್ಕ ಪೈಪಿಗೆಂದು ಗೋಡೆಯಲ್ಲಿ ಬಿಟ್ಟ ರಂಧ್ರದಲ್ಲಿ ಅದು ತೂರದಿರಬಹುದು. ಆದ್ದರಿಂದ ಲಿಖಿತ ಉತ್ತರ ಬರುವವರೆಗೆ ಆ ಭಾಗದ ಪೈಪನ್ನು ಕತ್ತರಿಸಬಾರದು, ವೆಲ್ಡಿಂಗ್ ಮಾಡಬಾರದು.